ಹಾಕಿದ್ದು, ಹಚ್ಚಿದ್ದು, ತಾಗಿದ್ದು: ತತ್ತಿ ಅಲರ್ಜಿ ಇರುವ ಮಗುವಿಗೆ ಯಾವ ಪೊಟ್ಟಣ ತರಬೇಕು?

ಕಲಬುರಗಿಯ ಒಂದು ಬೇಕರಿಯಲ್ಲಿ ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. "ಈ ಬನ್ನಿನಾಗ ತತ್ತಿ ಹಾಕೀರೇನಣ್ಣಾ?" ಅಂದೆ. "ಇಲ್ರೀ ಅಕ್ಕೋರ, ಮೈದಾ, ಸಕ್ರಿ, ಡಾಲ್ಡಾ ಅಷ್ಟ" ಅಂದ. ಮನೆಗೆ ತಂದು ನಾಲ್ಕು ವರ್ಷದ ಮಗಳಿಗೆ ಅರ್ಧ ಬನ್ ಕೊಟ್ಟೆ. ಹತ್ತು ನಿಮಿಷದೊಳಗೆ ತುಟಿ ಊದಿತು, ಕುತ್ತಿಗೆ ತುಂಬ ಗಂಧೆ ಎದ್ದವು. ಆಸ್ಪತ್ರೆಯಿಂದ ಬಂದು ಎರಡು ದಿನ ಬಿಟ್ಟು ಮತ್ತೆ ಅದೇ ಬೇಕರಿಗೆ ಹೋದೆ, ಜಗಳಕ್ಕಲ್ಲ, ತಿಳಿದುಕೊಳ್ಳಲಿಕ್ಕೆ. ಆತ ಒಳಗೆ ಕರೆದು ಒಂದು ಸ್ಟೀಲಿನ ಬಟ್ಟಲನ್ನೂ ಅದರಲ್ಲಿದ್ದ ಬ್ರಶ್ಶನ್ನೂ ತೋರಿಸಿದ. "ಒಳಗ ಹಾಕೂದಿಲ್ರಿ, ಮ್ಯಾಲ ಹಚ್ಚತೀವಿ. ಹೊಳಪು ಬರಬೇಕಲ್ರಿ."

ಆತ ಸುಳ್ಳು ಹೇಳಿರಲಿಲ್ಲ. ಹಿಟ್ಟಿನಲ್ಲಿ ತತ್ತಿ ಇರಲಿಲ್ಲ, ಬನ್ನಿನ ಮೇಲಿತ್ತು. ಅಂದಿನಿಂದ ಯಾವ ತಿನಿಸನ್ನು ಕಂಡರೂ ನಾನು ಮೂರು ಸಲ ಕೇಳುತ್ತೇನೆ: ತತ್ತಿ ಹಾಕಿದ್ದಾರೋ, ಹಚ್ಚಿದ್ದಾರೋ, ತಾಗಿದೆಯೋ? ಪೊಟ್ಟಣದ ಮೇಲಿನ ಒಂದೊಂದು ಗುರುತೂ ಇವುಗಳಲ್ಲಿ ಯಾವುದಕ್ಕೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದು ತಿಳಿದರೆ ಅಂಗಡಿಯಲ್ಲಿ ಆಯ್ಕೆ ಅರ್ಧ ಮುಗಿದಂತೆ.

ಪೊಟ್ಟಣ ಏನು ಹೇಳುತ್ತದೆ

ನಮ್ಮ ದೇಶದಲ್ಲಿ ತತ್ತಿ ಅಲರ್ಜಿಯವರಿಗೆ ಒಂದು ಅನುಕೂಲ ಇದೆ, ಬಹಳ ದೇಶಗಳಲ್ಲಿ ಅದು ಇಲ್ಲ. ನಮ್ಮ ಆಹಾರ ಕಾನೂನಿನ ಲೆಕ್ಕದಲ್ಲಿ ತತ್ತಿ ಮಾಂಸಾಹಾರ. ಹಾಲು, ಜೇನುತುಪ್ಪ ಸಸ್ಯಾಹಾರದ ಕಡೆ. ತತ್ತಿ ಮಾತ್ರ ಆ ಕಡೆ. ಹಾಗಾಗಿ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇರುವ ಪೊಟ್ಟಣಕ್ಕೆ ತತ್ತಿಯನ್ನಾಗಲಿ, ತತ್ತಿಯ ಪುಡಿಯನ್ನಾಗಲಿ ಸಾಮಗ್ರಿಯಾಗಿ ಹಾಕುವಂತಿಲ್ಲ, ಮೇಲೆ ಹಚ್ಚುವಂತೆಯೂ ಇಲ್ಲ. ತತ್ತಿ ಇದ್ದರೆ ಕಂದು ಗುರುತು ಬರಬೇಕು. ಮೊದಲು ಅದು ಕಂದು ಚೌಕದೊಳಗಿನ ಕಂದು ಚುಕ್ಕೆಯಾಗಿತ್ತು. 2020ರ ನಿಯಮದಲ್ಲಿ ಚುಕ್ಕೆಯ ಜಾಗಕ್ಕೆ ತ್ರಿಕೋನ ಬಂತು. ಇದು ದೊಡ್ಡ ಉಪಕಾರ. ಕಿರಾಣಿ ಅಂಗಡಿಯ ಮಂದ ಬೆಳಕಿನಲ್ಲಿ ಹಸಿರು ಚುಕ್ಕೆ, ಕಂದು ಚುಕ್ಕೆ ಎರಡೂ ಕಪ್ಪಗೇ ಕಾಣುತ್ತಿದ್ದವು. ಬಣ್ಣ ಗುರುತಿಸಲಾಗದವರ ಪಾಡು ಹೇಳುವುದೇ ಬೇಡ. ಈಗ ಆಕಾರ ನೋಡಿದರೆ ಸಾಕು.

ಎರಡನೆಯದು ಸಾಮಗ್ರಿಗಳ ಪಟ್ಟಿ ಮತ್ತು ಅದರ ಬುಡದಲ್ಲಿ ಬರುವ ಅಲರ್ಜಿಯ ಸಾಲು. 'ಕಂಟೇನ್ಸ್' ಎಂದು ಶುರುವಾಗುವ ಆ ಸಾಲಿನಲ್ಲಿ ಗೋಧಿ, ಹಾಲು, ಸೋಯಾ, ಶೇಂಗಾಗಳ ಜತೆ ತತ್ತಿ ಇದ್ದರೆ ಅದನ್ನೂ ಹೇಳುವುದು ಕಡ್ಡಾಯ. ಅಲ್ಲಿಗೆ 'ಹಾಕಿದ್ದು, ಹಚ್ಚಿದ್ದು' ಎರಡಕ್ಕೂ ಉತ್ತರ ಸಿಕ್ಕಿತು.

ಉಳಿದದ್ದು 'ತಾಗಿದ್ದು'. ಇದನ್ನು ಹೇಳುವುದು 'ಮೇ ಕಂಟೇನ್' ಎಂಬ ಬೇರೆ ಸಾಲು. ಒಂದೇ ಕಾರ್ಖಾನೆ, ಒಂದೇ ಬೆಲ್ಟು, ಒಂದೇ ಮಿಕ್ಸರಿನಲ್ಲಿ ಬೆಳಿಗ್ಗೆ ತತ್ತಿಯ ಕೇಕು, ಮಧ್ಯಾಹ್ನ ಹಸಿರು ಚುಕ್ಕೆಯ ರಸ್ಕು ತಯಾರಾದರೆ ಬರುವ ಎಚ್ಚರಿಕೆ ಇದು. ಜನ ಹೆಚ್ಚು ಎಡವುವುದು ಇಲ್ಲೇ. ಹಸಿರು ಚುಕ್ಕೆಯೂ 'ಮೇ ಕಂಟೇನ್ ಎಗ್' ಎಂಬ ಸಾಲೂ ಒಂದೇ ಪೊಟ್ಟಣದ ಮೇಲೆ ಇರಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಚುಕ್ಕೆ ಹೇಳುವುದು ಏನು ಹಾಕಿದ್ದಾರೆ ಎಂದು, ಸಾಲು ಹೇಳುವುದು ಏನು ತಾಗಿರಬಹುದು ಎಂದು. ಶಾಕಾಹಾರಿಗೆ ಚುಕ್ಕೆ ಸಾಕು, ಅಲರ್ಜಿಯವರಿಗೆ ಸಾಲದು. 'ಶುದ್ಧ ವೆಜ್ ಐತ್ರಿ' ಎಂದು ಪೊಟ್ಟಣ ಕೈಗಿಡುವ ಅಂಗಡಿಯವರಿಗೆ ಈ ವ್ಯತ್ಯಾಸ ಹೇಳಿ ಹೇಳಿ ನನಗೆ ಸಾಕಾಗಿದೆ.

'ತಾಗಿರಬಹುದು' ಎಂಬ ಸಾಲು ಎಷ್ಟು ತಾಗಿದೆ ಎಂದು ಹೇಳುವುದಿಲ್ಲ. 'ಸಣ್ಣ ಕಣಗಳಿರಬಹುದು', 'ತತ್ತಿ ಬಳಸುವ ಕಾರ್ಖಾನೆಯಲ್ಲಿ ತಯಾರಾದದ್ದು' ಅಂತೆಲ್ಲ ಬೇರೆ ಬೇರೆ ಮಾತಿನಲ್ಲಿ ಬರೆದಿರುತ್ತಾರೆ. ಮಾತು ಮೆತ್ತಗಿದ್ದರೆ ಅಪಾಯ ಕಡಿಮೆ ಎಂದು ಅರ್ಥವಲ್ಲ. ಹಾಗೆಯೇ ಆ ಸಾಲು ಇಲ್ಲ ಎಂದ ಮಾತ್ರಕ್ಕೆ ಯಂತ್ರ ಬೇರೆಯೇ ಇತ್ತು ಎಂದು ಖಾತ್ರಿಯೂ ಇಲ್ಲ. ನಮ್ಮ ಮನೆಯಲ್ಲಿ ಪಾಲಿಸುವುದು ಹೀಗೆ. ಹಸಿರು ಚುಕ್ಕೆ ಇದ್ದು ಎಲ್ಲೂ ತತ್ತಿಯ ಹೆಸರಿಲ್ಲದಿದ್ದರೆ ತರುತ್ತೇವೆ. ಹಸಿರು ಚುಕ್ಕೆ ಇದ್ದೂ 'ಮೇ ಕಂಟೇನ್ ಎಗ್' ಇದ್ದರೆ ಮಗಳಿಗೆ ಕೊಡುವುದಿಲ್ಲ, ಏಕೆಂದರೆ ಅವಳಿಗೆ ಒಮ್ಮೆ ಉಬ್ಬಸವೂ ಬಂದಿತ್ತು. ಬರೀ ಗಂಧೆ ಏಳುವ ಮಗುವಿಗೆ ಡಾಕ್ಟರು ಬೇರೆ ಸಲಹೆ ಕೊಟ್ಟಾರು. ಅದನ್ನು ಅವರನ್ನೇ ಕೇಳಬೇಕು, ಮನೆಯಲ್ಲಿ ಚೂರು ತಿನ್ನಿಸಿ ನೋಡಬಾರದು.

ಪಟ್ಟಿಯಲ್ಲಿ ತತ್ತಿ ಬೇರೆ ವೇಷದಲ್ಲೂ ಬರುತ್ತದೆ. ಆಲ್ಬುಮೆನ್ ಅಂದರೆ ಬಿಳಿ ಲೋಳೆ. 'ಓವಾ', 'ಓವೋ' ಎಂದು ಶುರುವಾಗುವ ಓವಾಲ್ಬುಮಿನ್, ಓವೋಮ್ಯೂಕಾಯ್ಡ್ ಎಲ್ಲ ತತ್ತಿಯವೇ. ಲೈಸೋಝೈಮ್ ಅಥವಾ 1105 ಎಂಬ ಸಂಖ್ಯೆ ಕೆಲವು ಚೀಸ್‌ಗಳಲ್ಲಿ ಕಾಣುತ್ತದೆ, ಅದು ತತ್ತಿಯ ಬಿಳಿಯಿಂದ ತೆಗೆದದ್ದು. ಇನ್ನೊಂದು ಕಡೆ, ಹೆದರಬೇಕಾಗಿಲ್ಲದ ಹೆಸರುಗಳೂ ಇವೆ. ಬ್ರೆಡ್ಡಿನ ಪಟ್ಟಿಯಲ್ಲಿ 471, 481, 282 ಎಂಬ ಸಂಖ್ಯೆಗಳನ್ನು ಕಂಡು ನಾನು ಆರು ತಿಂಗಳು ಬ್ರೆಡ್ಡೇ ತರಲಿಲ್ಲ. ಅವುಗಳಲ್ಲಿ ಒಂದೂ ತತ್ತಿಯದ್ದಲ್ಲ. 322 ಅಂದರೆ ಲೆಸಿತಿನ್. ಅದು ಸೋಯಾದಿಂದಲೂ ಬರುತ್ತದೆ, ತತ್ತಿಯಿಂದಲೂ ಬರಬಹುದು. ಪಕ್ಕದಲ್ಲಿ ಸೋಯಾ ಎಂದಿದ್ದರೆ, ಅಥವಾ ಪೊಟ್ಟಣಕ್ಕೆ ಹಸಿರು ಚುಕ್ಕೆ ಇದ್ದರೆ, ಆ ಸಂಶಯ ಬೇಡ. ಕಸ್ಟರ್ಡ್ ಪೌಡರ್ ಎಂಬ ಹೆಸರೇ ತತ್ತಿಯ ನೆನಪು ತರುತ್ತದೆ, ಆದರೆ ನಮ್ಮಲ್ಲಿ ಹಸಿರು ಚುಕ್ಕೆಯೊಂದಿಗೆ ಸಿಗುವುದು ಬಣ್ಣ, ವಾಸನೆ ಹಾಕಿದ ಮೆಕ್ಕೆಜೋಳದ ಗಂಜಿಪುಡಿ.

ಬ್ರೆಡ್: ಪೊಟ್ಟಣದ್ದೋ, ಬೇಕರಿಯದ್ದೋ?

ಪೇಟೆಯಲ್ಲಿ ಬಿಸಿ ಪಾವಿನ ವಾಸನೆ ಮೂಗಿಗೆ ಬಡಿದಾಗ ಪೊಟ್ಟಣದ ಬ್ರೆಡ್ ತರಲು ಯಾರಿಗೂ ಮನಸ್ಸಾಗದು. ರುಚಿಗೆ ಬೇಕರಿಯದ್ದೇ ಮೇಲು, ಒಪ್ಪುತ್ತೇನೆ. ಆದರೆ ತತ್ತಿ ಅಲರ್ಜಿಗೆ ಪೊಟ್ಟಣದ ಬ್ರೆಡ್ಡೇ ವಾಸಿ. ಅದರ ಮೇಲೆ ಗುರುತು ಇದೆ, ಸಾಲು ಇದೆ. ಬೇಕರಿಯ ಖಾಲಿ ಕವರಿನಲ್ಲಿ ಎರಡೂ ಇಲ್ಲ.

ಬೇಕರಿಯಲ್ಲಿ ನಡೆಯುವುದನ್ನು ಆ ದಿನ ಒಳಗೆ ನಿಂತು ನೋಡಿದೆ. ಬಿಡಿ ಪಾವಿನ ಹಿಟ್ಟು ತತ್ತಿ ಇಲ್ಲದ್ದೇ. ಸಿಹಿ ಬನ್ನು, ಬರ್ಗರಿನ ಬನ್ನು, ಪಫ್ ಇವುಗಳ ಮೇಲೆ ಒಲೆಗೆ ಹೋಗುವ ಮುಂಚೆ ತತ್ತಿ ಒಡೆದು ಕಲಸಿದ್ದನ್ನು ಬ್ರಶ್ಶಿನಿಂದ ಹಚ್ಚುತ್ತಾರೆ. ಕೆಲವರು ಹಾಲು ಹಚ್ಚುತ್ತಾರೆ, ಕೆಲವರು ಬೆಂದ ಮೇಲೆ ಎಣ್ಣೆ ಸವರುತ್ತಾರೆ. ತತ್ತಿ ಹಚ್ಚಿದ್ದು ಗಾಢ ಕಂದಾಗಿ, ವಾರ್ನಿಶ್ ಬಳಿದಂತೆ ಹೊಳೆಯುತ್ತದೆ. ಹಾಲಿನದ್ದು ಸ್ವಲ್ಪ ಮಾಸಲು. ಆದರೆ ಬಿಸಿ ಬನ್ನಿಗೆ ಎಣ್ಣೆ ಸವರಿದರೂ ಹೊಳೆಯುತ್ತದೆ, ಆದ್ದರಿಂದ ಹೊಳಪು ನೋಡಿ ತೀರ್ಮಾನ ಮಾಡಬೇಡಿ. ಅದಕ್ಕಿಂತ ಮುಖ್ಯವಾದದ್ದು ಆ ಬ್ರಶ್ಶು. ಎಗ್ ಪಫ್ಫಿಗೂ ವೆಜ್ ಪಫ್ಫಿಗೂ ಬ್ರಶ್ ಒಂದೇ, ತಟ್ಟೆ ಒಂದೇ, ಕೊನೆಗೆ ಗಾಜಿನ ಕಪಾಟಿನಲ್ಲಿ ಎತ್ತಿಕೊಡುವ ಚಿಮಟವೂ ಒಂದೇ. ಹಾಲು ಹಚ್ಚುವ ಬೇಕರಿಯಲ್ಲೂ ತಾಗುವುದು ತಪ್ಪಿದ್ದಲ್ಲ.

ಕೆಲವು ಮಕ್ಕಳಿಗೆ ಕೇಕಿನಲ್ಲಿ ಚೆನ್ನಾಗಿ ಬೆಂದ ತತ್ತಿ ತಡೆಯುತ್ತದೆ, ಆಮ್ಲೆಟ್ ತಡೆಯುವುದಿಲ್ಲ. ತತ್ತಿಯ ಕೆಲವು ಪ್ರೋಟೀನುಗಳು ಹಿಟ್ಟಿನೊಳಗೆ ಬಹಳ ಹೊತ್ತು ಬೆಂದಾಗ ತಮ್ಮ ಆಕಾರ ಕಳೆದುಕೊಳ್ಳುತ್ತವೆ. ಓವೋಮ್ಯೂಕಾಯ್ಡ್ ಎಂಬುದು ಮಾತ್ರ ಶಾಖಕ್ಕೆ ಸುಲಭವಾಗಿ ಬಗ್ಗದು. ಅದಕ್ಕೇ ಕೆಲವು ಮಕ್ಕಳಿಗೆ ಕೇಕೂ ಆಗುವುದಿಲ್ಲ. ನಿಮ್ಮ ಮಗುವಿಗೆ ಕೇಕು ತಡೆಯುತ್ತದೆ ಎಂದು ಡಾಕ್ಟರು ಪರೀಕ್ಷಿಸಿ ಹೇಳಿದ್ದರೂ, ಬನ್ನಿನ ಮೇಲೆ ತೆಳ್ಳಗೆ ಹಚ್ಚಿದ್ದು ಅದೇ ಲೆಕ್ಕಕ್ಕೆ ಸೇರುತ್ತದೆ ಎಂದುಕೊಳ್ಳಬೇಡಿ. ಅದು ಹಿಟ್ಟಿನೊಳಗೆ ಬೆರೆತು ಬೆಂದದ್ದಲ್ಲ.

ಖಾರಿ, ಟೋಸ್ಟ್, ನಾನ್‌ಖಟಾಯಿ ವಿಷಯ ಇನ್ನೂ ಜಟಿಲ. ನಾನ್‌ಖಟಾಯಿಗೆ ತತ್ತಿ ಬೇಕಾಗಿಯೇ ಇಲ್ಲ, ಮೈದಾ, ಸಕ್ಕರೆ, ತುಪ್ಪ ಅಥವಾ ಡಾಲ್ಡಾ ಇದ್ದರಾಯಿತು. ಟೋಸ್ಟ್ ಮಾತ್ರ ಬೇಕರಿಗೊಂದು ತರಹ. ಕೆಲವರು ಬ್ರೆಡ್ಡಿನದ್ದೇ ಹಿಟ್ಟಿನಲ್ಲಿ ಮಾಡುತ್ತಾರೆ, ಕೆಲವರು ಕೇಕಿನ ಹಿಟ್ಟನ್ನು ಎರಡು ಸಲ ಬೇಯಿಸಿ ಕೇಕ್ ರಸ್ಕ್ ಮಾಡುತ್ತಾರೆ, ಅದರಲ್ಲಿ ತತ್ತಿ ಇದ್ದೇ ಇರುತ್ತದೆ ಎಂದುಕೊಳ್ಳಿ. ಬಿಡಿಯಾಗಿ ತೂಗಿ ಕೊಡುವ ಡಬ್ಬಿಗಳಲ್ಲಿ ಎರಡೂ ಪಕ್ಕಪಕ್ಕ. ಪೊಟ್ಟಣದ ಟೋಸ್ಟಿನಲ್ಲೂ ಒಂದೇ ಕಂಪನಿಯ ಏಲಕ್ಕಿಯದ್ದು ಹಸಿರು, ಕೇಕ್ ರಸ್ಕು ಕಂದು ಆಗಿರುತ್ತದೆ. ಕಂಪನಿಯ ಹೆಸರು ನೋಡಿ ಕೊಂಡರೆ ಮೋಸ.

ಬೇಕರಿಗೆ ಹೋಗಲೇಬೇಕಾದರೆ ಪ್ರಶ್ನೆ ಬದಲಿಸಿ. 'ತತ್ತಿ ಹಾಕೀರಾ' ಎಂದು ಕೇಳಬೇಡಿ. 'ಮ್ಯಾಲ ಏನು ಹಚ್ಚತೀರಿ? ಬ್ರಶ್ ಬ್ಯಾರೆ ಅದನೇನು? ಯಾವ ಟ್ರೇದಾಗ ಬೇಯಿಸ್ತೀರಿ?' ಎಂದು ಕೇಳಿ. ಹೌದು-ಇಲ್ಲ ಎಂದು ಉತ್ತರಿಸಲಾಗದ ಪ್ರಶ್ನೆಗೆ ಮನುಷ್ಯ ಒಳಗಿನ ವಿಷಯ ಹೇಳುತ್ತಾನೆ. ನಾನ್, ಶೀರ್ಮಾಲ್ ಮಾಡುವ ಭಟ್ಟಿಗಳಲ್ಲೂ ಇದೇ ಮಾತು, ಕೆಲವರು ನಾನಿನ ಹಿಟ್ಟಿಗೇ ತತ್ತಿ ಕಲಸುತ್ತಾರೆ.

ಮೇಯೋನೀಸ್: ಒಂದೇ ಬಿಳುಪು, ಎರಡು ಬಾಟಲಿ

ಸಾಸುಗಳಲ್ಲಿ ಟೊಮೆಟೊ ಕೆಚಪ್, ಸೋಯಾ ಸಾಸ್, ಹಸಿಮೆಣಸಿನ ಸಾಸ್, ಶೆಜ್ವಾನ್ ಚಟ್ನಿ ಇವಕ್ಕೆ ಸಾಮಾನ್ಯವಾಗಿ ತತ್ತಿಯ ಸಂಬಂಧವಿಲ್ಲ. ಗುರುತು ನೋಡಿ ಮುಂದೆ ಹೋಗಿ. ಕಷ್ಟ ಬಿಳಿ ಸಾಸಿನದ್ದು. ಮೂಲ ಮೇಯೋನೀಸ್ ಅಂದರೆ ಹಸಿ ತತ್ತಿಯನ್ನು ಎಣ್ಣೆಯೊಂದಿಗೆ ಕಡೆದದ್ದು. ನಮ್ಮ ಅಂಗಡಿಗಳಲ್ಲಿ ಅದರ ಪಕ್ಕದಲ್ಲೇ ಹಾಲಿನ ಪುಡಿ, ಗಂಜಿ ಹಾಕಿ ಮಾಡಿದ ತತ್ತಿರಹಿತ ಮೇಯೋನೀಸ್ ಇರುತ್ತದೆ. ಒಂದೇ ಕಂಪನಿ, ಒಂದೇ ಆಕಾರದ ಬಾಟಲಿ, ಮುಚ್ಚಳದ ಬಣ್ಣ ಮಾತ್ರ ಬೇರೆ. ಮುಚ್ಚಳ ನಂಬಬೇಡಿ, ಗುರುತನ್ನೇ ನೋಡಿ. 'ಎಗ್‌ಲೆಸ್' ಎಂದು ಮುಂದೆ ದೊಡ್ಡದಾಗಿ ಬರೆದದ್ದರ ಹಿಂದೆ 'ಮೇ ಕಂಟೇನ್' ಇದೆಯೋ ಎಂದು ತಿರುವಿ ನೋಡಬೇಕು, ಎರಡೂ ಬಗೆಯನ್ನು ಒಂದೇ ಕಡೆ ಮಾಡುವವರು ಇರುತ್ತಾರೆ. ಟಾರ್ಟರ್, ಥೌಸಂಡ್ ಐಲೆಂಡ್, ಸ್ಯಾಂಡ್‌ವಿಚ್ ಸ್ಪ್ರೆಡ್ ಎಲ್ಲ ಮೇಯೋನೀಸಿನ ಮಕ್ಕಳೇ.

2024ರ ಅಕ್ಟೋಬರ್ ಕೊನೆಯಲ್ಲಿ ಪಕ್ಕದ ತೆಲಂಗಾಣ ಹಸಿ ತತ್ತಿಯ ಮೇಯೋನೀಸನ್ನು ಒಂದು ವರ್ಷ ನಿಷೇಧಿಸಿತು. ಬೀದರಿನ ಕಡೆ ಆಗ ನಮ್ಮವರು ಕೆಲವರು, 'ಈಗೇನು ಹೆದರಿಕಿ ಇಲ್ಲ' ಎಂದರು. ಅದು ಹೊಟ್ಟೆಗೆ ಸೇರುವ ರೋಗಾಣುಗಳ ಸಲುವಾಗಿ ಬಂದ ನಿಷೇಧ. ಶಾಖಕೊಟ್ಟು ರೋಗಾಣು ಕೊಂದ ತತ್ತಿಯಿಂದ ಮೇಯೋನೀಸ್ ಮಾಡಿದರೆ ಅದು ಆ ನಿಷೇಧಕ್ಕೆ ಒಳಪಡುತ್ತಿರಲಿಲ್ಲ, ಅಲರ್ಜಿಗೆ ಮಾತ್ರ ಅದೂ ತತ್ತಿಯೇ. ಶವರ್ಮಾ, ಮೋಮೋ ಅಂಗಡಿಯ ಹಿಂಡುವ ಬಾಟಲಿಯಲ್ಲಿ ಯಾವುದಿದೆ ಎಂಬುದು ಅಂಗಡಿಯವನಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಅಲ್ಲಿ ಬಿಳಿ ಸಾಸು ಬೇಡವೇ ಬೇಡ.

ಸಿಹಿಯಲ್ಲಿ ಎರಡು ಬಲೆ

ನಮ್ಮ ಸಿಹಿಗಳು ಹೆಚ್ಚಾಗಿ ಹಾಲು, ಕಡಲೆಹಿಟ್ಟು, ಸಕ್ಕರೆ, ತುಪ್ಪದವು. ಪೇಡಾ, ಜಿಲೇಬಿ, ಬೇಸನ್ ಉಂಡೆ ಕಂಡು ತತ್ತಿಗಾಗಿ ಹೆದರುವ ಕಾರಣವಿಲ್ಲ. ಆದರೆ ನಮ್ಮದು ಹೈದರಾಬಾದಿನ ಅಡುಗೆ ಬಂದು ಬೆರೆತ ಸೀಮೆ. ಅಲ್ಲಿಯ 'ಅಂಡೆ ಕಿ ಪಿಯೋಸಿ' ಎಂಬ ಸಿಹಿ ತತ್ತಿ, ಖೋವಾ, ಬಾದಾಮಿ, ಸಕ್ಕರೆ, ತುಪ್ಪ ಕೂಡಿಸಿ ಬೇಯಿಸಿದ್ದು. ಕತ್ತರಿಸಿ ಇಟ್ಟರೆ ಥೇಟು ಬಾದಾಮಿ ಬರ್ಫಿ. ಹೈದರಾಬಾದಿನಿಂದ ಬಂದ ಮಿಠಾಯಿ ಡಬ್ಬಿಯಲ್ಲಿ ನಾಲ್ಕು ಬಗೆ ಕಲಸಿರುತ್ತವೆ, ಒಳಗೆ ಹೆಸರು ಬರೆದಿರುವುದಿಲ್ಲ. ಕೊಟ್ಟವರನ್ನು ಕೇಳುವಾಗ 'ಅಂಡಾ' ಎಂಬ ಶಬ್ದವನ್ನೇ ಬಳಸಿ. ತೆಲುಗಿನವರಾದರೆ 'ಗುಡ್ಡು'. ನಮ್ಮ 'ತತ್ತಿ' ಗಡಿ ದಾಟಿದರೆ ತಿಳಿಯದು.

ಇನ್ನೊಂದು ಬಲೆ ಚಾಕೊಲೇಟಿನದ್ದು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಸೌದಿಯಿಂದ, ದುಬೈನಿಂದ ಚಾಕೊಲೇಟ್ ಬರುತ್ತದೆ. ಶೇಂಗಾ ಮತ್ತು ನುಗಾ ಎಂಬ ಮೆತ್ತಗಿನ ಸಕ್ಕರೆ ಪಾಕದ ಪದರ ಇರುವ ಬಾರುಗಳಲ್ಲಿ ನುಗಾ ಉಬ್ಬಲಿಕ್ಕೆ ತತ್ತಿಯ ಬಿಳಿಪುಡಿ ಹಾಕುವುದು ಹಳೆಯ ಪದ್ಧತಿ. ಅದೇ ಹೆಸರಿನ ಬಾರನ್ನು ಭಾರತಕ್ಕಾಗಿ ತತ್ತಿಯಿಲ್ಲದೆ ಹಸಿರು ಚುಕ್ಕೆಯೊಂದಿಗೆ ಮಾಡಿ ಮಾರಿದ್ದೂ ಇದೆ. ಹೆಸರು ಒಂದೇ, ಹೊದಿಕೆಯ ಬಣ್ಣ ಒಂದೇ, ಒಳಗಿನದು ಬೇರೆ. ಅಲ್ಲಿಂದ ಬಂದ ಪೊಟ್ಟಣದ ಮೇಲೆ ಹಸಿರು-ಕಂದು ಗುರುತಿರುವುದಿಲ್ಲ, ಹಲಾಲ್ ಗುರುತು ತತ್ತಿಯ ಬಗ್ಗೆ ಏನೂ ಹೇಳುವುದಿಲ್ಲ. ಸಾಮಗ್ರಿಗಳ ಪಟ್ಟಿಯನ್ನೇ ಓದಬೇಕು. ಮಾರ್ಷ್‌ಮ್ಯಾಲೋ, ಮೆರಿಂಗ್, ಮ್ಯಾಕರೂನ್ ಎಂಬ ಹೆಸರು ಕಂಡರೆ ಬಿಳಿ ಲೋಳೆಯನ್ನು ನೆನೆಯಿರಿ.

ಕುರುಕಲು ತಿಂಡಿಯಲ್ಲಿ ಹೇಳುವುದು ಕಡಿಮೆ. ಶೇವು, ಚೂಡಾ, ಆಲೂ ಚಿಪ್ಸಿನಲ್ಲಿ ತತ್ತಿ ಅಪರೂಪ. ನೂಡಲ್ಸಿನಲ್ಲಿ ಗುರುತು ನೋಡಿ. ಐದು ರೂಪಾಯಿಯ ಸಣ್ಣ ಪೊಟ್ಟಣಗಳ ಮೇಲೆ ಪೂರ್ತಿ ಪಟ್ಟಿ ಇಲ್ಲದಿರಬಹುದು, ನೂರು ಚದರ ಸೆಂಟಿಮೀಟರಿಗಿಂತ ಚಿಕ್ಕ ಹೊದಿಕೆಗೆ ಆ ವಿನಾಯಿತಿ ಇದೆ. ಅಂಥದಕ್ಕೆ ಅದೇ ತಿನಿಸಿನ ದೊಡ್ಡ ಪೊಟ್ಟಣ ಓದಿ, ಇಲ್ಲವೇ ಅಂಗಡಿಯ ಹೊರಡಬ್ಬಿ ಕೇಳಿ. ಸಂಜೆಯ ಬಂಡಿಯಲ್ಲಿ ಮಿರ್ಚಿ ಭಜಿಯ ಹಿಟ್ಟಿನಲ್ಲಿ ತತ್ತಿ ಇಲ್ಲ, ಆದರೆ ಅದೇ ಎಣ್ಣೆಯಲ್ಲಿ ತತ್ತಿ ಬೋಂಡಾ ಬಿಟ್ಟಿರುತ್ತಾರೆ. ಗೋಬಿಯ ಬಂಡಿಯಲ್ಲಿ ಎಗ್ ರೈಸಿನ ಕಡಾಯಿಯೇ ಗೋಬಿಗೂ. ಶಾಲೆಯ ಬಿಸಿಯೂಟದ ತತ್ತಿ ಒಂದೇ ನನಗೆ ಹೆದರಿಕೆ ಹುಟ್ಟಿಸದ್ದು, ಅದು ಕಣ್ಣಿಗೆ ಕಾಣುತ್ತದೆ. ಮಗಳು ಬಾಳೆಹಣ್ಣು ತಗೊಳ್ಳುತ್ತಾಳೆ.

ಒಂದು ಹುಟ್ಟುಹಬ್ಬದ ತಟ್ಟೆ

ಕಳೆದ ವರ್ಷ ಮಗಳ ಆರನೆಯ ಹುಟ್ಟುಹಬ್ಬ ಬೀದರಿನ ನಮ್ಮ ಅತ್ತೆಯ ಮನೆಯಲ್ಲಿ. ಇಪ್ಪತ್ತು ಮಕ್ಕಳು, ಪಾವ್‌ಭಾಜಿ, ಸ್ಯಾಂಡ್‌ವಿಚ್, ಚಿಪ್ಸ್, ಮಿಠಾಯಿ, ಕೇಕು.

ಪಾವ್ ಬೇಕರಿಯದ್ದು ಬಿಟ್ಟು ಪೊಟ್ಟಣದ್ದು ತಂದೆವು, ಹಸಿರು ಚುಕ್ಕೆ, ಅಲರ್ಜಿಯ ಸಾಲಿನಲ್ಲಿ ಗೋಧಿ ಮತ್ತು ಸೋಯಾ ಮಾತ್ರ. ಸ್ಯಾಂಡ್‌ವಿಚ್ಚಿಗೆ ತತ್ತಿರಹಿತ ಮೇಯೋನೀಸಿನ ಎರಡು ಬಾಟಲಿ ಕೈಗೆ ಬಂದವು. ಒಂದರ ಹಿಂದೆ 'ಮೇ ಕಂಟೇನ್ ಎಗ್', ಇನ್ನೊಂದರಲ್ಲಿ ಹಾಲು, ಸಾಸಿವೆ ಅಷ್ಟೇ. ಮೊದಲನೆಯದು ಹದಿನೈದು ರೂಪಾಯಿ ಅಗ್ಗ, ಎರಡನೆಯದನ್ನು ತಗೊಂಡೆ. ಕೊನೆಗೆ ಮೈದುನ, 'ಹಸರ ಚಟ್ನಿ ಸಾಕಿತ್ತಲ್ಲ ವೈನಿ' ಅಂದ, ಅದೂ ನಿಜವೇ.

ಕೇಕಿಗೆ ಪಟ್ಟಣದ ಬೇಕರಿಯಲ್ಲಿ 'ಎಗ್‌ಲೆಸ್' ಒಪ್ಪಿಸಬಹುದಿತ್ತು. ವಿಚಾರಿಸಿದಾಗ ಕಡೆಯುವ ಯಂತ್ರ, ಪಾತ್ರೆ, ಕ್ರೀಮಿನ ಕೊಳವೆ ಎಲ್ಲ ಒಂದೇ ಎಂದರು. ಮರ್ಯಾದೆಯಿಂದ ಸತ್ಯ ಹೇಳಿದ್ದಕ್ಕೆ ಅವರಿಗೆ ಕೈಮುಗಿದು ಬಂದೆ. ಮನೆಯಲ್ಲೇ ಮಾಡಿದೆ: ಒಂದು ಕಪ್ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಕರಗಿಸಿ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ ಹಾಕಿ ನೊರೆ ಏಳುವವರೆಗೆ ಐದು ನಿಮಿಷ ಬಿಟ್ಟು, ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಮೈದಾ. 180 ಡಿಗ್ರಿಯಲ್ಲಿ ಅರ್ಧ ಗಂಟೆಗಿಂತ ತುಸು ಹೆಚ್ಚು. ತತ್ತಿ ಕೊಡುವ ಉಬ್ಬನ್ನು ಇಲ್ಲಿ ಮೊಸರಿನ ಹುಳಿಯೂ ಸೋಡಾವೂ ಕೂಡಿ ಕೊಡುತ್ತವೆ.

ಅತ್ತೆಯವರಿಗೆ ಇಂಗ್ಲಿಷ್ ಬಾರದು, ಪೊಟ್ಟಣಗಳ ಮೇಲೆ ಕನ್ನಡ ಇರುವುದು ಕಡಿಮೆ. ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಕಾನೂನಿಗೆ ಸಾಕು. ಅವರಿಗೆ ಮೊದಲು ತ್ರಿಕೋನ ತೋರಿಸಿದೆ. ಆಮೇಲೆ ಇ, ಜಿ, ಜಿ ಎಂಬ ಮೂರಕ್ಷರವನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿದೆ, ಚಿತ್ರ ನೋಡಿದಂತೆ ನೋಡಿ ಹೋಲಿಸಲಿ ಎಂದು. ಅದರ ಕೆಳಗೆ ಕನ್ನಡದಲ್ಲಿ: ತುಟಿ ಊದಿ ಉಬ್ಬಸ ಬಂದರೆ, ಮತ್ತೆ ಮತ್ತೆ ವಾಂತಿಯಾಗಿ ಮಗು ಸೋತರೆ ಕಾಯಬೇಡಿ, 108. ಅಂಥ ಹೊತ್ತಿನಲ್ಲಿ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಮದ್ದು, ಗಂಧೆಯ ಗುಳಿಗೆ ಅಲ್ಲ.

ಸಂಜೆ ಅತ್ತೆಯ ಅಕ್ಕನ ಮಗ ದುಬೈನಿಂದ ತಂದ ಚಾಕೊಲೇಟಿನ ಚೀಲ ಹಿಡಿದು ಬಂದ. ಮಕ್ಕಳೆಲ್ಲ ಮುತ್ತಿಕೊಂಡರು. ಅತ್ತೆ ಒಂದು ಬಾರು ಎತ್ತಿ ಹಿಂದುಮುಂದು ತಿರುವಿ, ಬೆಳಕಿಗೆ ಹಿಡಿದರು. "ಇದಕ್ಕ ಹಸರ ಚುಕ್ಕಿನೂ ಇಲ್ಲ, ಮೂರುಮೂಲಿನೂ ಇಲ್ಲ" ಅಂದು ಫ್ರಿಜ್ಜಿನ ಚೀಟಿಯ ಹತ್ತಿರ ಒಯ್ದು, ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದರು. ಆಮೇಲೆ ಚೀಲವನ್ನು ಗಂಟು ಹಾಕಿ ಅಲಮಾರದ ಮೇಲಿಟ್ಟರು.